ರಕ್ತದಾನ ಶಿಬಿರದ ಕಿರುಚಿತ್ರಕ್ಕೆ ಚಿತ್ರಕಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಹಮಾಲಿಯೊಬ್ಬ ಭಾನುವಾರದ ಶಿಬಿರದಲ್ಲಿ ರಕ್ತ ಕೊಡುತ್ತಾನೆ. ಅದೇ ವಾರದ ಶುಕ್ರವಾರ, ಅರಸೀಕೆರೆಯ ಕಡೆಯ ಹಳ್ಳಿಯಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದ 9 ವರ್ಷದ ಹುಡುಗಿಯೊಬ್ಬಳಿಗೆ ಆ ರಕ್ತವನ್ನು ಏರಿಸಲಾಗುತ್ತದೆ. ಕಥೆ ಇಷ್ಟೇ. ಇದನ್ನು ನಾವು 7 ನಿಮಿಷದ ಕಿರುಚಿತ್ರವಾಗಿ ಬರೆದೆವು. ಬರೆಯುವಾಗ ನಮ್ಮ ತಂಡದೊಳಗೇ ಎದ್ದ ಪ್ರಶ್ನೆಗಳನ್ನೂ, ಆಮೇಲೆ ಇಂಥದೇ ಚಿತ್ರ ಮಾಡಲು ಹೊರಟ ಕಾಲೇಜುಗಳವರೂ ಯುವಕ ಸಂಘದವರೂ ಕೇಳಿದ ಪ್ರಶ್ನೆಗಳನ್ನೂ ಇಲ್ಲಿ ಉತ್ತರದೊಂದಿಗೆ ಕೊಟ್ಟಿದ್ದೇವೆ.

ದಾನಿಯೂ ಹುಡುಗಿಯ ಮನೆಯವರೂ ಕೊನೆಗೂ ಭೇಟಿಯಾಗುವುದಿಲ್ಲ. ನೋಡುವವರಿಗೆ ಇದರಿಂದ ನಿರಾಸೆಯಾಗುವುದಿಲ್ಲವೇ?

ನಮ್ಮ ಮೊದಲ ಕರಡಿನಲ್ಲಿ ಅವರು ಭೇಟಿಯಾಗಿದ್ದರು. ಹಮಾಲಿ ಒಂದು ಎಳನೀರು ಹಿಡಿದುಕೊಂಡು ವಾರ್ಡಿನ ಬಾಗಿಲಿಗೆ ಬರುತ್ತಿದ್ದ, ಹುಡುಗಿಯ ತಾಯಿ ಎದ್ದು ನಿಂತು ಕೈ ಮುಗಿಯುತ್ತಿದ್ದಳು. ಆ ಕರಡನ್ನು ಓದಿದ ರಕ್ತ ಕೇಂದ್ರದ ಆಪ್ತಸಮಾಲೋಚಕಿಯೊಬ್ಬರು ಒಂದೇ ಪ್ರಶ್ನೆ ಕೇಳಿದರು: ಇವನಿಗೆ ಈ ವಾರ್ಡಿನ ದಾರಿ ಹೇಳಿಕೊಟ್ಟವರು ಯಾರು? ನಮ್ಮಲ್ಲಿ ಉತ್ತರವಿರಲಿಲ್ಲ. ದಾನಿ ಯಾರೆಂಬುದನ್ನು ರಕ್ತ ಪಡೆದವರಿಗೆ ತಿಳಿಸುವುದಿಲ್ಲ, ರಕ್ತ ಯಾರಿಗೆ ಹೋಯಿತೆಂಬುದನ್ನು ದಾನಿಗೂ ತಿಳಿಸುವುದಿಲ್ಲ. ಸ್ವಯಂಪ್ರೇರಿತ ರಕ್ತದಾನದ ವ್ಯವಸ್ಥೆ ನಿಂತಿರುವುದೇ ಈ ಗುಟ್ಟಿನ ಮೇಲೆ. ಹೆಸರು ಗೊತ್ತಾದರೆ ಋಣ ಹುಟ್ಟುತ್ತದೆ. ಋಣ ಹುಟ್ಟಿದ ಕಡೆ ಇಂದಲ್ಲ ನಾಳೆ ಹಣದ ಮಾತೋ ಒತ್ತಾಯವೋ ಬಂದೇ ಬರುತ್ತದೆ. ಸುಪ್ರೀಂ ಕೋರ್ಟು 1996ರಲ್ಲಿ ಕೊಟ್ಟ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ದುಡ್ಡಿಗೆ ರಕ್ತ ಕೊಡುವುದು ನಿಂತದ್ದನ್ನು ನೆನೆದರೆ, ಈ ಎಚ್ಚರ ಬರೀ ಶಿಷ್ಟಾಚಾರವಲ್ಲ ಎಂಬುದು ತಿಳಿಯುತ್ತದೆ.

ಭೇಟಿಯ ದೃಶ್ಯವನ್ನು ತೆಗೆದುಹಾಕಿದ ಮೇಲೆ ಎರಡು ಕಥೆಗಳನ್ನು ಹೊಲಿಯಲು ನಮ್ಮ ಬಳಿ ಉಳಿದದ್ದು ಚೀಲದ ಮೇಲಿನ ಸಂಖ್ಯೆಯೊಂದೇ. ಶಿಬಿರದಲ್ಲಿ ದಾನಿಯ ಅರ್ಜಿಗೆ, ರಕ್ತದ ಚೀಲಕ್ಕೆ ಮತ್ತು ಪರೀಕ್ಷೆಗೆ ಕಳಿಸುವ ಮಾದರಿ ನಳಿಕೆಗಳಿಗೆ ಒಂದೇ ಸಂಖ್ಯೆಯ ಚೀಟಿಗಳನ್ನು ಅಂಟಿಸುತ್ತಾರೆ. ಆ ಕ್ಷಣದಿಂದ ಚೀಲದ ಜೊತೆ ಮುಂದೆ ಸಾಗುವುದು ಸಂಖ್ಯೆ ಮಾತ್ರ, ಹೆಸರು ಶಿಬಿರದ ದಾಖಲೆಯಲ್ಲೇ ಉಳಿಯುತ್ತದೆ. ನಮ್ಮ ಚಿತ್ರದಲ್ಲಿ ಅದರ ಕೊನೆಯ ನಾಲ್ಕು ಅಂಕಿಗಳು 2386. ಮೊದಲ ನಿಮಿಷದಲ್ಲಿ ಆ ಚೀಟಿಯನ್ನು ಅಂಟಿಸುವ ಬೆರಳನ್ನು ಹತ್ತಿರದಿಂದ ತೋರಿಸಿದ್ದೇವೆ; ಐದನೇ ನಿಮಿಷದಲ್ಲಿ ತಾಯಿ ಅದೇ ಸಂಖ್ಯೆಯನ್ನು ತನ್ನ ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಾಳೆ. ಇದನ್ನು ಗುರುತಿಸುವವನು ಪ್ರೇಕ್ಷಕನೊಬ್ಬನೇ. ಚಿತ್ರದೊಳಗೆ ಯಾರಿಗೂ ಗೊತ್ತಿಲ್ಲದ ಸಂಗತಿ ತನಗೊಬ್ಬನಿಗೇ ಗೊತ್ತಿದೆ ಎಂಬುದು ಅವನಿಗೆ ಸಾಕಷ್ಟು ಸಮಾಧಾನ ಕೊಡುತ್ತದೆ ಎಂಬುದು ನಮ್ಮ ಅನುಭವ.

ಇದೇ ಕಾರಣಕ್ಕೆ ಚಿತ್ರಕಥೆಯಲ್ಲಿ ಪಾತ್ರಗಳಿಗೆ ಹೆಸರಿಟ್ಟಿಲ್ಲ. ಹಮಾಲಿ, ತಾಯಿ, ಹುಡುಗಿ, ತಾತ, ಸಿಸ್ಟರ್ ಎಂದಷ್ಟೇ ಬರೆದಿದ್ದೇವೆ.

ಅಪಘಾತವನ್ನೋ ಹೆರಿಗೆಯನ್ನೋ ಇಟ್ಟುಕೊಂಡಿದ್ದರೆ ಕಥೆಗೆ ಬಿಗಿ ಬರುತ್ತಿತ್ತಲ್ಲವೇ? ಥಲಸ್ಸೇಮಿಯಾವನ್ನೇ ಏಕೆ ಆರಿಸಿಕೊಂಡಿರಿ?

ಬಿಗಿ ಬರುತ್ತಿತ್ತು, ಆದರೆ ಲೆಕ್ಕ ತಪ್ಪುತ್ತಿತ್ತು. ಹೆರಿಗೆಯ ನಂತರ ಜೋರಾಗಿ ರಕ್ತಸ್ರಾವವಾದವರಿಗೂ ದೊಡ್ಡ ಅಪಘಾತದಲ್ಲಿ ಗಾಯಗೊಂಡವರಿಗೂ ಸಾಮಾನ್ಯವಾಗಿ ಒಂದು ಚೀಲದಿಂದ ಏನೂ ಆಗುವುದಿಲ್ಲ. ನಾಲ್ಕೋ ಆರೋ ಚೀಲಗಳು, ಜೊತೆಗೆ ಪ್ಲಾಸ್ಮಾ, ಪ್ಲೇಟ್‌ಲೆಟ್ ಎಲ್ಲವೂ ಬೇಕಾಗಬಹುದು. ಅಲ್ಲಿ ಒಬ್ಬ ದಾನಿಯನ್ನು ಒಂದು ಕುಟುಂಬಕ್ಕೆ ಜೋಡಿಸಿದರೆ ಅರ್ಧ ಸುಳ್ಳು ಹೇಳಿದಂತೆ. ಅದಲ್ಲದೆ ಆ ಕಥೆಗಳೊಳಗೆ ಆಂಬುಲೆನ್ಸ್ ತಾನಾಗಿಯೇ ಬರುತ್ತದೆ, ಓಡುವ ಕಾಲುಗಳು ಬರುತ್ತವೆ, ಗಾಜಿನ ಬಾಗಿಲ ಹೊರಗೆ ಅಳುವವರು ಬರುತ್ತಾರೆ. ಬೇಡವೆಂದರೂ ತಡೆಯುವುದು ಕಷ್ಟ.

ಥಲಸ್ಸೇಮಿಯಾ ಮೇಜರ್ ಇರುವ ಮಕ್ಕಳ ದೇಹದಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗುವುದಿಲ್ಲವಾದ್ದರಿಂದ ಅವರಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಕೆಂಪು ರಕ್ತಕಣಗಳನ್ನು ಏರಿಸುತ್ತಲೇ ಇರಬೇಕಾಗುತ್ತದೆ. ಪ್ರಮಾಣವನ್ನು ಮಗುವಿನ ತೂಕದ ಮೇಲೆ ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ ಪ್ರತಿ ಕಿಲೋಗೆ 10ರಿಂದ 15 ಮಿಲಿಲೀಟರ್. ನಮ್ಮ ಹುಡುಗಿಯ ತೂಕ 20 ಕಿಲೋ. ಅಂದರೆ ಅವಳಿಗೆ ಬೇಕಾದದ್ದು 200ರಿಂದ 300 ಮಿಲಿಲೀಟರ್, ಹೆಚ್ಚುಕಡಿಮೆ ಒಂದು ಚೀಲ ಕೆಂಪುಕಣ. ಒಬ್ಬ ದಾನಿ, ಒಂದು ಚೀಲ, ಒಂದು ಮಗು ಎಂಬ ಕಥೆ ಇಲ್ಲಿ ಮಾತ್ರ ನಿಜವಾಗಿ ಕೂರುತ್ತದೆ.

ಇನ್ನೊಂದು ಅನುಕೂಲವಿದೆ. ಈ ಕುಟುಂಬಕ್ಕೆ ಆಸ್ಪತ್ರೆಯ ದಿನ ಆಪತ್ತಿನ ದಿನವಲ್ಲ, ಸಂತೆಯ ದಿನದಂತೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟ ದಿನ. ಬುತ್ತಿ ಕಟ್ಟಿಕೊಳ್ಳುತ್ತಾರೆ, ಹುಡುಗಿ ಶಾಲೆಯ ಪುಸ್ತಕ ಹಿಡಿದುಕೊಳ್ಳುತ್ತಾಳೆ, ತಾತ ಕಿಟಕಿಯ ಪಕ್ಕದ ಸೀಟು ನೋಡಿಕೊಳ್ಳುತ್ತಾನೆ. ನೂರನೆಯ ಸಲ ಮಾಡುವ ಕೆಲಸವನ್ನು ಯಾರೂ ಅಳುತ್ತಾ ಮಾಡುವುದಿಲ್ಲ. ನಟರಿಗೆ ಸಂಯಮವನ್ನು ಬೇರೆಯಾಗಿ ಕಲಿಸಬೇಕಾದ ಅಗತ್ಯವೇ ಬೀಳಲಿಲ್ಲ.

ಭಾನುವಾರ ಕೊಟ್ಟ ರಕ್ತವನ್ನು ಅಂದೇ ಏರಿಸುವಂತೆ ತೋರಿಸಿದರೆ ಏನು ತಪ್ಪು?

ಪರೀಕ್ಷೆಯಾಗದ ರಕ್ತವನ್ನು ಏರಿಸಿದಂತಾಗುತ್ತದೆ. ಪ್ರತಿ ಚೀಲದ ಮಾದರಿಯನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಗಳಿಗೆ ಪರೀಕ್ಷಿಸಿದ ನಂತರವೇ ಅದನ್ನು ಬಳಕೆಗೆ ಬಿಡುತ್ತಾರೆ. ನಮ್ಮ ಚಿತ್ರದ ಕಾಲಕ್ರಮ ಹೀಗಿದೆ: ಭಾನುವಾರ ಬೆಳಿಗ್ಗೆ ಶಿಬಿರ, ಅಂದೇ ಸಂಜೆಯೊಳಗೆ ಕೇಂದ್ರದಲ್ಲಿ ಚೀಲವನ್ನು ಯಂತ್ರದಲ್ಲಿ ತಿರುಗಿಸಿ ಕೆಂಪುಕಣ, ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್‌ಗಳಾಗಿ ಬೇರ್ಪಡಿಸುವುದು, ಸೋಮವಾರ ಪರೀಕ್ಷೆ, ಮಂಗಳವಾರದಿಂದ ಶುಕ್ರವಾರದವರೆಗೆ 2ರಿಂದ 6 ಡಿಗ್ರಿಯ ಫ್ರಿಜ್ಜಿನಲ್ಲಿ ಕಾಯುವುದು. ಪೋಷಕ ದ್ರಾವಣ ಸೇರಿಸಿದ ಕೆಂಪುಕಣ 42 ದಿನ ಉಳಿಯುತ್ತದಾದರೂ ಥಲಸ್ಸೇಮಿಯಾ ಮಕ್ಕಳಿಗೆ ಆದಷ್ಟು ಹೊಸ ಚೀಲವನ್ನೇ ಕೊಡಲು ನೋಡುತ್ತಾರೆ, ಆದ್ದರಿಂದ ಐದನೇ ದಿನ ಎಂಬುದು ನಂಬುವಂತಿದೆ.

ಈ ಐದು ದಿನಗಳನ್ನು ಚಿತ್ರದಲ್ಲಿ 40 ಸೆಕೆಂಡುಗಳಲ್ಲಿ ದಾಟಿದ್ದೇವೆ. ಫ್ರಿಜ್ಜಿನ ಬಾಗಿಲು ಮೂರು ಸಲ ತೆರೆದು ಮುಚ್ಚುತ್ತದೆ. ಪ್ರತಿ ಸಲವೂ 2386ರ ಪಕ್ಕದ ಚೀಲಗಳು ಬದಲಾಗಿರುತ್ತವೆ. ಅದೇ ಹೊತ್ತಿಗೆ ಹಮಾಲಿ ಮಾರುಕಟ್ಟೆಯಲ್ಲಿ ಚಹಾ ಕುಡಿಯುತ್ತಿರುತ್ತಾನೆ. ಅವನ ಪ್ಲಾಸ್ಮಾ, ಪ್ಲೇಟ್‌ಲೆಟ್ ಇನ್ನಾರಿಗೋ ಹೋಗುತ್ತವೆ. ಆ ದಾರಿಯನ್ನು ನಾವು ಹಿಡಿದಿಲ್ಲ.

ಶಿಬಿರದ ದೃಶ್ಯದಲ್ಲಿ ಏನನ್ನು ಹಿಗ್ಗಿಸಬೇಕು, ಏನನ್ನು ಬಿಡಬೇಕು?

ಉದ್ಘಾಟನೆ, ಹಾರ, ಫಲಕದ ಮುಂದಿನ ಗುಂಪು ಫೋಟೋ ಇವೆಲ್ಲವನ್ನೂ ಬಿಡಬೇಕು. ಸೂಜಿ ಚುಚ್ಚುವ ಕ್ಷಣವನ್ನು ಕೂಡ ನಾವು ಹತ್ತಿರದಿಂದ ತೋರಿಸಿಲ್ಲ. ಹೆದರುವವರಿಗೆ ಅದು ಇನ್ನಷ್ಟು ಹೆದರಿಕೆ ತರುತ್ತದೆ, ಹೆದರದವರಿಗೆ ಅದರಿಂದ ಹೊಸದೇನೂ ತಿಳಿಯುವುದಿಲ್ಲ. ಹಿಗ್ಗಿಸಬೇಕಾದದ್ದು ಸೂಜಿಗೆ ಮೊದಲಿನ ತಪಾಸಣೆಯನ್ನು. ಅಲ್ಲಿ ಮನುಷ್ಯರು ಮಾತಾಡುತ್ತಾರೆ.

ಹಮಾಲಿಯನ್ನು ಆರಿಸಿಕೊಂಡದ್ದಕ್ಕೆ ತಕ್ಕಡಿಯೂ ಒಂದು ಕಾರಣ. ದಿನವಿಡೀ ಕೊಬ್ಬರಿ ಮೂಟೆಗಳನ್ನು ತೂಕಕ್ಕೆ ಇಡುವವನು ಅಂದು ತಾನೇ ತೂಕದ ಯಂತ್ರ ಹತ್ತುತ್ತಾನೆ. 45 ಕಿಲೋಗಿಂತ ಕಡಿಮೆ ಇದ್ದವರಿಂದ ರಕ್ತ ತೆಗೆದುಕೊಳ್ಳುವುದಿಲ್ಲ; 450 ಮಿಲಿಲೀಟರಿನ ಚೀಲಕ್ಕಾದರೆ 55 ಕಿಲೋಗಿಂತ ಹೆಚ್ಚಿರಬೇಕು. ಇವನದು 52, ಆದ್ದರಿಂದ 350ರ ಚೀಲ. ಮುಂದಿನ ಮೇಜಿನಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ. ಈಗ ಬಹಳ ಕಡೆ ಕೈಯಲ್ಲಿ ಹಿಡಿಯುವ ಡಿಜಿಟಲ್ ಉಪಕರಣ ಬಂದಿದೆ. ಆದರೂ ನಾವು ಹಳೆಯ ಮೈಲುತುತ್ತದ ದ್ರಾವಣವನ್ನೇ ಇಟ್ಟುಕೊಂಡೆವು, ಏಕೆಂದರೆ ಉಪಕರಣದ ಪರದೆಯ ಮೇಲೆ ಅಂಕಿಯೊಂದೇ ಮೂಡುತ್ತದೆ, ನೀಲಿ ದ್ರಾವಣದಲ್ಲಾದರೆ ನಡೆಯುವುದೆಲ್ಲ ಕಣ್ಣಿಗೇ ಕಾಣುತ್ತದೆ. ದ್ರಾವಣದ ಸಾಂದ್ರತೆಯನ್ನು 1.053ಕ್ಕೆ ಹೊಂದಿಸಿರುತ್ತಾರೆ, ಹಿಮೋಗ್ಲೋಬಿನ್ 12.5 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ತದ ಹನಿ 15 ಸೆಕೆಂಡಿನೊಳಗೆ ತಳಕ್ಕೆ ಮುಳುಗುತ್ತದೆ, ಕಡಿಮೆ ಇದ್ದರೆ ನಡುವೆಯೇ ತೂಗಾಡುತ್ತದೆ ಇಲ್ಲವೇ ಮೇಲೆ ತೇಲುತ್ತದೆ. ಆ ಭಾಗದ ಚಿತ್ರಕಥೆ ಹೀಗಿದೆ:

*ದೃಶ್ಯ 3. ಮಾರುಕಟ್ಟೆಯ ಶೆಡ್ಡು, ಒಳಗೆ. ಬೆಳಿಗ್ಗೆ.*

*ಮೇಜಿನ ಮೇಲೆ ನೀಲಿ ದ್ರಾವಣ ತುಂಬಿದ ಸಣ್ಣ ಗಾಜಿನ ಲೋಟ. ಸಿಸ್ಟರ್ ಹಮಾಲಿಯ ಉಂಗುರ ಬೆರಳನ್ನು ಹತ್ತಿಯಿಂದ ಒರೆಸುತ್ತಾರೆ. ಚರ್ಮ ದಪ್ಪವಾಗಿದೆ, ಎರಡನೇ ಸಲ ಚುಚ್ಚಬೇಕಾಗುತ್ತದೆ.*

*ಹಮಾಲಿ: ಇದು ಅಡಿಕೆಗೆ ಹೊಡೀತೀವಲ್ಲ, ಮೈಲುತುತ್ತ, ಅದೇ ಅಲ್ವಾ ಸಿಸ್ಟರ್?*

*ಸಿಸ್ಟರ್: ಅದೇ ಅಣ್ಣ. ಸುಣ್ಣ ಇಲ್ಲ ಅಷ್ಟೆ.*

*ಹನಿ ಬೀಳುತ್ತದೆ. ಗೋಲಿಯಂತೆ ದುಂಡಗಾಗಿ, ಒಂದು ಕ್ಷಣ ನಿಂತು, ಕೆಳಗಿಳಿಯುತ್ತದೆ. ಸಿಸ್ಟರ್ ಅರ್ಜಿಯಲ್ಲಿ ಗುರುತು ಹಾಕುತ್ತಾರೆ. ಹಮಾಲಿಯ ಹಿಂದೆ ನಿಂತಿದ್ದ ಅವನ ಜೊತೆಗಾರ ಬೆರಳು ನೀಡುತ್ತಾನೆ. ಅವನ ಹನಿ ನಡುವೆಯೇ ನಿಲ್ಲುತ್ತದೆ. ಮೂವರೂ ಅದನ್ನು ನೋಡುತ್ತಾರೆ.*

*ಸಿಸ್ಟರ್: ಈ ಸಲ ಬೇಡ ಅಣ್ಣ. ಆ ಕಡೆ ಡಾಕ್ಟ್ರು ಕೂತಿದಾರೆ, ಒಂದ್ಸಲ ತೋರಿಸ್ಕೊಂಡು ಹೋಗಿ.*

*ಜೊತೆಗಾರ: ಬಿಸ್ಕತ್ತಾದ್ರೂ ಕೊಡ್ತೀರಾ?*

*ಸಿಸ್ಟರ್ ನಗುತ್ತಾರೆ.*

ಜೊತೆಗಾರನನ್ನು ವಾಪಸು ಕಳಿಸುವ ಈ ತುಣುಕನ್ನು ಕತ್ತರಿಸಿ ಎಂದು ಇಬ್ಬರು ಮೂವರು ಹೇಳಿದರು. ನಾವು ಕೇಳಲಿಲ್ಲ. ಶಿಬಿರಕ್ಕೆ ಬಂದವರೆಲ್ಲರೂ ರಕ್ತ ಕೊಟ್ಟೇ ಹೋಗುವಂತೆ ತೋರಿಸಿದರೆ, ನಿಜವಾದ ಶಿಬಿರದಲ್ಲಿ ಬೇಡವೆನಿಸಿಕೊಂಡವನಿಗೆ ಅವಮಾನವಾದಂತಾಗುತ್ತದೆ. ಅವಮಾನಕ್ಕೆ ಹೆದರಿದವನು ಮುಂದಿನ ಸಲ ಕಾಯಿಲೆಯನ್ನೋ ಮಾತ್ರೆಯನ್ನೋ ಮುಚ್ಚಿಡುತ್ತಾನೆ. ಹಾಗೆಂದು ಆಪ್ತಸಮಾಲೋಚನೆಯ ಮೇಜಿನ ಮಾತುಗಳನ್ನು ಚಿತ್ರೀಕರಿಸಬಾರದು. ಅಲ್ಲಿ ಕೇಳುವ ಪ್ರಶ್ನೆಗಳು ಖಾಸಗಿಯವು. ಪರದೆಯ ಆಚೆಗೆ ಇಬ್ಬರ ನೆರಳು ಕಂಡರೆ ಸಾಕು.

ದಾನಿ ತಲೆಸುತ್ತಿ ಬೀಳುವ ದೃಶ್ಯ ಇರಬಹುದೇ?

ಅಪರೂಪಕ್ಕೆ ಹಾಗಾಗುವುದುಂಟು. ಆಗ ಕಾಲನ್ನು ಎತ್ತರಕ್ಕಿಟ್ಟು ಮಲಗಿಸುತ್ತಾರೆ, ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ಶಿಬಿರಕ್ಕೆ ಜನರನ್ನು ಕರೆಯುವ ಚಿತ್ರದಲ್ಲಿ ಅದನ್ನು ಕಥೆಯ ತಿರುವಾಗಿ ಬಳಸುವುದು ಬೇಡ.

ಆದರೆ ರಕ್ತ ಕೊಡುವುದರಿಂದ ದಾನಿಗೆ ಏನೂ ಆಗುವುದೇ ಇಲ್ಲವೆಂಬಂತೆ ತೋರಿಸುವುದೂ ಸರಿಯಲ್ಲ. ನಮ್ಮ ಹಮಾಲಿ ಕಷ್ಟಪಟ್ಟದ್ದು ಬೇರೆ ರೀತಿಯಲ್ಲಿ. ಸೂಜಿ ತೆಗೆದು, ಮೊಳಕೈ ಒಳಗೆ ಹತ್ತಿ ಇಟ್ಟು ಪಟ್ಟಿ ಹಾಕಿ, ಹಣ್ಣಿನ ರಸ ಕೊಟ್ಟು ಕಾಲು ಗಂಟೆ ಕೂರಿಸಿದ ಮೇಲೆ ಅವನು ಕೇಳುವುದು ಒಂದೇ ಮಾತು: ‘ನಾಳೆ ಮೂಟೆ ಎತ್ತಬೋದಾ?’ ಸಿಸ್ಟರ್ ಹೇಳುತ್ತಾರೆ: ‘ಒಂದು ದಿನ ಆ ಕೈಗೆ ಭಾರ ಕೊಡಬೇಡಿ ಅಣ್ಣ.’ ಅವನು ಬೆರಳಿನಲ್ಲಿ ಏನೋ ಎಣಿಸಿ ‘ಆಯ್ತು’ ಅನ್ನುತ್ತಾನೆ. ಮೂಟೆಗಿಷ್ಟು ಎಂದು ಕೂಲಿ ಪಡೆಯುವವನಿಗೆ ಸೋಮವಾರ ಬೆಳಗಿನ ಅರ್ಧ ದಿನ ಹೋಗುತ್ತದೆ ಎಂಬುದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ಮರುದಿನದ ದೃಶ್ಯದಲ್ಲಿ ಅವನು ಕುರ್ಚಿ ಹಾಕಿಕೊಂಡು ಚೀಲದ ಬಾಯಿ ಹೊಲಿಯುವ ಹಗುರ ಕೆಲಸ ಮಾಡುತ್ತಿರುತ್ತಾನೆ, ಅಷ್ಟೆ. ಮಾರುಕಟ್ಟೆಯಲ್ಲಿ ಚಿತ್ರ ತೋರಿಸಿದಾಗ ಹಮಾಲರು ಮೊದಲು ಗುರುತಿಸಿದ್ದು ಇದನ್ನೇ.

ರಕ್ತದ ಚೀಲ ಪರದೆಯ ಮೇಲೆ ಸರಿಯಾಗಿ ಕಾಣಬೇಕಾದರೆ ಏನು ಮಾಡಬೇಕು?

ಮೊದಲನೆಯದು ಬಣ್ಣ. ಸಿನಿಮಾದವರು ಬಳಸುವ ಕುಂಕುಮದಂಥ ಕೆಂಪು ಇಲ್ಲಿ ನಡೆಯುವುದಿಲ್ಲ. ಅಭಿಧಮನಿಯಿಂದ ಬಂದ ರಕ್ತ ಕಡುಗೆಂಪು; ಪ್ಲಾಸ್ಮಾ ತೆಗೆದ ಕೆಂಪುಕಣದ ಚೀಲ ಇನ್ನೂ ಗಾಢವಾಗಿ, ಹೆಚ್ಚುಕಡಿಮೆ ನೇರಳೆ ಹಣ್ಣಿನ ಹತ್ತಿರಕ್ಕೆ ಬರುತ್ತದೆ. ನಾವು ಮೊದಲು ಬೀಟ್ರೂಟ್ ರಸ ತುಂಬಿ ನೋಡಿದೆವು, ಬೆಳಕು ಬಿದ್ದೊಡನೆ ಶರಬತ್ತಿನಂತೆ ಕಂಡಿತು. ಸಕ್ಕರೆ ಪಾಕಕ್ಕೆ ಕೆಂಪು ಆಹಾರ ಬಣ್ಣವನ್ನೂ ಚಿಟಿಕೆ ಕೋಕೋ ಪುಡಿಯನ್ನೂ ಕಲಸಿದ ಮೇಲೆ ಸರಿಹೋಯಿತು. ನಿಜವಾದ ರಕ್ತವನ್ನಾಗಲೀ, ಬಳಸಿ ಬಿಸಾಡಿದ ಚೀಲವನ್ನಾಗಲೀ ಯಾವ ಕಾರಣಕ್ಕೂ ಮುಟ್ಟಬಾರದು.

ಎರಡನೆಯದು ಚೀಟಿಯ ಬಣ್ಣ. ನಮ್ಮ ದೇಶದಲ್ಲಿ ಚೀಲದ ಮೇಲಿನ ಚೀಟಿ ಗುಂಪಿಗೆ ತಕ್ಕಂತೆ ಬದಲಾಗುತ್ತದೆ: ಓ ಗುಂಪಿಗೆ ನೀಲಿ, ಎ ಗುಂಪಿಗೆ ಹಳದಿ, ಬಿ ಗುಂಪಿಗೆ ಗುಲಾಬಿ, ಎಬಿ ಗುಂಪಿಗೆ ಬಿಳಿ. ಹಮಾಲಿಯದೂ ಹುಡುಗಿಯದೂ ಬಿ ಪಾಸಿಟಿವ್, ಆದ್ದರಿಂದ ಗುಲಾಬಿ. ಇದು ಸಣ್ಣ ವಿಷಯವೆನಿಸಬಹುದು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಮಾತ್ರ ಚೀಟಿಯ ಬಣ್ಣ ತಪ್ಪಿದ ಚಿತ್ರವನ್ನು ಮುಂದೆ ನೋಡುವುದೇ ಇಲ್ಲ.

ಮೂರನೆಯದರಲ್ಲಿ ನಾವು ಎಡವಿದ್ದೆವು. ಹಾಸಿಗೆಯ ಪಕ್ಕದ ಕಂಬಕ್ಕೆ ಚೆನ್ನಾಗಿ ಕಾಣಲೆಂದು ನಮ್ಮ ಹುಡುಗರು ಚೀಲದ ಜೊತೆಗೆ ಒಂದು ಗ್ಲೂಕೋಸ್ ಬಾಟಲಿಯನ್ನೂ ತೂಗುಹಾಕಿ ಒಂದೇ ನಳಿಕೆಗೆ ಸೇರಿಸಿಬಿಟ್ಟಿದ್ದರು. ಗ್ಲೂಕೋಸ್ ಬೆರೆತರೆ ಕೆಂಪುಕಣಗಳು ಒಡೆಯುತ್ತವೆ, ಆದ್ದರಿಂದ ರಕ್ತದ ನಳಿಕೆಯಲ್ಲಿ ಉಪ್ಪುನೀರಿನ ದ್ರಾವಣವಾದ ನಾರ್ಮಲ್ ಸಲೈನ್ ಬಿಟ್ಟು ಬೇರೇನನ್ನೂ ಬಿಡುವುದಿಲ್ಲ. ಚಿತ್ರೀಕರಣಕ್ಕೆ ಬಂದಿದ್ದ ಸಿಸ್ಟರ್ ಇದನ್ನು ಗಮನಿಸುವಷ್ಟರಲ್ಲಿ ಮಧ್ಯಾಹ್ನದ ಬೆಳಕು ಹೋಗಿತ್ತು, ಇಡೀ ದೃಶ್ಯವನ್ನು ಮರುದಿನ ತೆಗೆದೆವು.

ಆಸ್ಪತ್ರೆಯ ದೃಶ್ಯವನ್ನು ಅಳು ಇಲ್ಲದೆ ಬರೆಯುವುದು ಹೇಗೆ?

ಅಲ್ಲಿ ನಿಜವಾಗಿ ನಡೆಯುವ ಕೆಲಸವನ್ನು ಕ್ರಮವಾಗಿ ಬರೆಯುತ್ತಾ ಹೋದರೆ ಅಳುವುದಕ್ಕೆ ಜಾಗವೇ ಇರುವುದಿಲ್ಲ. ಬೆಳಿಗ್ಗೆ ಹುಡುಗಿಯ ರಕ್ತದ ಮಾದರಿ ತೆಗೆದು ಹಿಮೋಗ್ಲೋಬಿನ್ ನೋಡುತ್ತಾರೆ, ಚೀಲದ ರಕ್ತದೊಂದಿಗೆ ಹೊಂದುತ್ತದೆಯೇ ಎಂದು ಕ್ರಾಸ್‌ಮ್ಯಾಚ್ ಮಾಡುತ್ತಾರೆ. ಇದಕ್ಕೇ ಮಧ್ಯಾಹ್ನವಾಗುತ್ತದೆ. ಆಮೇಲೆ ಚೀಲ ಬರುತ್ತದೆ. ಏರಿಸಲು ಮೂರರಿಂದ ನಾಲ್ಕು ಗಂಟೆ ಬೇಕು; ಫ್ರಿಜ್ಜಿನಿಂದ ಹೊರತೆಗೆದ ಚೀಲವನ್ನು ನಾಲ್ಕು ಗಂಟೆಗೆ ಮೀರಿ ಇಡುವಂತಿಲ್ಲ. ಮೊದಲ 15 ನಿಮಿಷ ಹನಿಗಳು ಬಹಳ ನಿಧಾನವಾಗಿ ಬೀಳುತ್ತವೆ, ಏಕೆಂದರೆ ಚಳಿ, ಜ್ವರ, ಮೈಮೇಲೆ ಗಂಧೆ, ಬೆನ್ನುನೋವು ಇಂಥ ತೊಂದರೆಗಳೇನಾದರೂ ಆಗುವುದಿದ್ದರೆ ಗಂಭೀರವಾದವು ಸಾಮಾನ್ಯವಾಗಿ ಆ ಹೊತ್ತಿನಲ್ಲೇ ಕಾಣಿಸಿಕೊಳ್ಳುತ್ತವೆ. ಆ 15 ನಿಮಿಷವೇ ನಮ್ಮ ಚಿತ್ರದ ಬಿಗಿ. ಯಾರೂ ಮಾತಾಡದೆ ಹನಿ ನೋಡುತ್ತಾರೆ.

*ದೃಶ್ಯ 7. ಡೇ ಕೇರ್ ವಾರ್ಡು, ಒಳಗೆ. ಮಧ್ಯಾಹ್ನ.*

*ಇಬ್ಬರು ಸಿಸ್ಟರ್‌ಗಳು ಹಾಸಿಗೆಯ ಎರಡೂ ಕಡೆ. ಒಬ್ಬರು ಚೀಲದ ಚೀಟಿ ಓದುತ್ತಾರೆ, ಇನ್ನೊಬ್ಬರು ಕೇಸ್ ಶೀಟ್ ನೋಡಿ ಹೌದೆನ್ನುತ್ತಾರೆ.*

*ಒಂದನೇ ಸಿಸ್ಟರ್: ಬಿ ಪಾಸಿಟಿವ್.*

*ಎರಡನೇ ಸಿಸ್ಟರ್: ಬಿ ಪಾಸಿಟಿವ್.*

*ಒಂದನೇ ಸಿಸ್ಟರ್: ಕೊನೇದು ಎರಡು, ಮೂರು, ಎಂಟು, ಆರು.*

*ಎರಡನೇ ಸಿಸ್ಟರ್: ಎರಡು, ಮೂರು, ಎಂಟು, ಆರು. ಡೇಟ್ ಇದೆ.*

*ತಾಯಿ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ತಾರೀಕು, ತೂಕ, ಹಿಮೋಗ್ಲೋಬಿನ್ ಬರೆದಿದ್ದಾಳೆ. ನಾಲ್ಕನೇ ಕಾಲಂನಲ್ಲಿ 2386 ಎಂದು ಬರೆಯುತ್ತಾಳೆ. ಅದರ ಮೇಲೆ ಬೇರೆ ಬೇರೆ ಸಂಖ್ಯೆಗಳ ಉದ್ದ ಸಾಲು.*

*ಹುಡುಗಿ: ಸಿಸ್ಟರ್, ಎಡಗೈಗೆ ಹಾಕಿ. ನಾನು ಬರೀಬೇಕು.*

*ತಾತ ಬುತ್ತಿಯ ಗಂಟು ಬಿಚ್ಚುತ್ತಾನೆ, ಮತ್ತೆ ಕಟ್ಟುತ್ತಾನೆ.*

*ತಾಯಿ: ನೀವು ಉಣ್ಣಿ ಮಾವ. ಇನ್ನೂ ಹೊತ್ತಾಗತ್ತೆ.*

*ತಾತ: ಇದೊಂದಿಷ್ಟು ನೋಡ್ಕೊಂಡು ಉಣ್ತೀನಿ.*

ತಾತನ ಆ ಕೊನೆಯ ಮಾತು ಮೊದಲ ಕರಡಿನಲ್ಲಿ ಹೀಗಿರಲಿಲ್ಲ. ಮೊಮ್ಮಗಳ ಬಗ್ಗೆ ನಾಲ್ಕು ಸಾಲಿನ ಭಾಷಣವಿತ್ತು. ಓದುವ ಹೊತ್ತಿಗೆ ತಾತನ ಪಾತ್ರ ಮಾಡಿದ ಹಿರಿಯರೇ ‘ಊಟದ ಮುಂದೆ ಇಷ್ಟು ಮಾತಾಡೋ ಮುದುಕ ಇಲ್ಲಪ್ಪ’ ಎಂದು ಹೊಡೆದುಹಾಕಿದರು.

ಹುಡುಗಿಯ ಆಯಾಸವನ್ನು ಯಾರ ಬಾಯಿಂದಲೂ ಹೇಳಿಸಿಲ್ಲ. ಬೆಳಿಗ್ಗೆ ರೈಲ್ವೆ ಮೇಲ್ಸೇತುವೆಯ ಮೆಟ್ಟಿಲಲ್ಲಿ ಅವಳು ನಡುವೆ ಕೂರುತ್ತಾಳೆ, ತಾಯಿ ಕೇಳದೆಯೇ ಚೀಲ ಕೆಳಗಿಟ್ಟು ಪಕ್ಕದಲ್ಲಿ ಕೂರುತ್ತಾಳೆ. ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಈ ರೋಗ ಬರುವ ಸಾಧ್ಯತೆಯಿದೆ ಎಂಬ ಮಾಹಿತಿಯನ್ನೂ ಚಿತ್ರದಿಂದ ಹೊರಗಿಟ್ಟೆವು. ಅದು ತಿಳಿಯಬೇಕಾದ ವಿಷಯವೇ, ಆದರೆ ಈ ಚಿತ್ರದೊಳಗೆ ಬಂದರೆ ನೋಡುವವರ ಕಣ್ಣು ತಾಯಿಯ ಮೇಲೆ ದೂರಿನಂತೆ ಬೀಳುತ್ತದೆ.

ಅರಸೀಕೆರೆಯಿಂದ ಬೆಂಗಳೂರಿಗೆ ಹೋಗುವ ರೈಲು ತಿಪಟೂರಿನ ಮೇಲೆಯೇ ಹೋಗುತ್ತದೆ. ಅಲ್ಲಿ ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸಬಹುದಿತ್ತಲ್ಲವೇ?

ಬಹಳ ಆಸೆಯಾಯಿತು. ಬರೆದೂ ಇದ್ದೆವು: ಹಮಾಲಿ ಪ್ಲಾಟ್‌ಫಾರ್ಮಿನಲ್ಲಿ, ಹುಡುಗಿ ಕಿಟಕಿಯಲ್ಲಿ. ಆದರೆ ಅದು ಭೇಟಿಯ ದೃಶ್ಯವೇ ಹಿಂಬಾಗಿಲಿನಿಂದ ಬಂದಂತಾಗುತ್ತಿತ್ತು. ಈಗ ಉಳಿದಿರುವುದು ಇಷ್ಟು: ರೈಲು ತಿಪಟೂರಿನಲ್ಲಿ ನಿಂತಾಗ ಹುಡುಗಿ ನಿದ್ದೆ ಮಾಡುತ್ತಿರುತ್ತಾಳೆ, ಫಲಕದ ಮೇಲಿನ ಊರಿನ ಹೆಸರು ಕಿಟಕಿಯಲ್ಲಿ ಅರ್ಧ ಮಾತ್ರ ಕಾಣುತ್ತದೆ.

ಬಾಲನಟಿಯನ್ನು ಬಳಸಲು, ಆಸ್ಪತ್ರೆಯಲ್ಲಿ ಚಿತ್ರೀಕರಿಸಲು ಏನೇನು ಅನುಮತಿ ಬೇಕು?

ನಿಜವಾದ ರೋಗಿಯಾಗಿರುವ ಮಗುವನ್ನು ಕರೆತರಬೇಡಿ. ಆ ಮಗು ಬೆಳೆದು ದೊಡ್ಡವಳಾದಾಗಲೂ ಚಿತ್ರ ಅಂತರ್ಜಾಲದಲ್ಲಿ ಇದ್ದೇ ಇರುತ್ತದೆ. ಬಾಲನಟರನ್ನು ಬಳಸುವುದಾದರೆ ನಿರ್ಮಾಪಕರು ಜಿಲ್ಲಾ ದಂಡಾಧಿಕಾರಿಯವರ ಅನುಮತಿ ಪಡೆಯಬೇಕು, ದಿನಕ್ಕೆ 5 ಗಂಟೆಗಿಂತ ಹೆಚ್ಚು ಅಥವಾ ಬಿಡುವಿಲ್ಲದೆ 3 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಕೈಗೆ ಸೂಜಿ ಹಾಕಿದಂತೆ ತೋರಿಸಲು ಪಟ್ಟಿಯಡಿ ನಳಿಕೆಯ ತುದಿಯನ್ನು ಅಂಟಿಸಿದರೆ ಸಾಕಾಗುತ್ತದೆ.

ಆಸ್ಪತ್ರೆಯವರ ಲಿಖಿತ ಒಪ್ಪಿಗೆ ಇದ್ದರೂ ಹಿನ್ನೆಲೆಯನ್ನು ನೀವೇ ಕಾಯಬೇಕು. ನಮ್ಮ ಒಂದು ಒಳ್ಳೆಯ ಶಾಟ್‌ನಲ್ಲಿ ಹಿಂದಿನ ಹಾಸಿಗೆಯ ಕೇಸ್ ಶೀಟಿನ ಮೇಲೆ ಬೇರೊಬ್ಬ ರೋಗಿಯ ಹೆಸರು ಓದುವಷ್ಟು ಸ್ಪಷ್ಟವಾಗಿ ಕಂಡಿತ್ತು. ಆ ಶಾಟನ್ನು ಬಿಟ್ಟೆವು.

ಹಿನ್ನೆಲೆ ಸಂಗೀತ ಬೇಕೇ? ಕೊನೆಯಲ್ಲಿ ಘೋಷವಾಕ್ಯ ಹಾಕಬಹುದೇ?

ಸಂಗೀತ ಹಾಕಿಲ್ಲ. ಶಿಬಿರದಲ್ಲಿ ಚೀಲವನ್ನು ತೂಗಾಡಿಸುವ ಯಂತ್ರದ ಸದ್ದು, ಮಾರುಕಟ್ಟೆಯಲ್ಲಿ ಕೊಬ್ಬರಿ ಸುರಿಯುವ ಗಲಗಲ, ವಾರ್ಡಿನ ಫ್ಯಾನು, ಇವೇ ಸಾಕಾದವು. ಘೋಷವಾಕ್ಯವನ್ನೂ ಬಿಟ್ಟೆವು. ಒಂದು ಚೀಲ ಮೂರು ಜೀವ ಉಳಿಸುತ್ತದೆ ಎಂಬ ಮಾತು ಎಲ್ಲ ಫಲಕಗಳ ಮೇಲೂ ಇರುತ್ತದಾದರೂ ನಮ್ಮ ಚಿತ್ರ ತೋರಿಸುವುದು ಅದನ್ನಲ್ಲ. ಒಂದು ಚೀಲ ಒಬ್ಬ ಹುಡುಗಿಯನ್ನು ಮೂರು ವಾರ ಮುಂದಕ್ಕೆ ಕೊಂಡೊಯ್ಯುತ್ತದೆ ಎಂಬುದನ್ನು. ಕೊನೆಯ ಫಲಕದಲ್ಲಿ ಶಿಬಿರದ ಜಾಗ, ತಾರೀಕು, ಸಮಯ, ಜೊತೆಗೆ 18ರಿಂದ 65 ವರ್ಷದವರು, 45 ಕಿಲೋ ಮೇಲ್ಪಟ್ಟವರು, ತಿಂಡಿ ತಿಂದು ಬನ್ನಿ ಎಂಬ ಮಾತಿದೆ. ಬಹುಮಾನ, ಉಡುಗೊರೆ ಇತ್ಯಾದಿಗಳ ಸುದ್ದಿ ಎತ್ತಬಾರದು.

ಹಾಗಾದರೆ ಚಿತ್ರ ಮುಗಿಯುವುದು ಹೇಗೆ?

ಲೆಕ್ಕದಿಂದ. ಗಂಡಸರು ಒಮ್ಮೆ ರಕ್ತ ಕೊಟ್ಟ ಮೇಲೆ 90 ದಿನ, ಹೆಂಗಸರು 120 ದಿನ ಕಾಯಬೇಕು. ನಮ್ಮ ಹುಡುಗಿಗೆ 21 ದಿನಕ್ಕೊಮ್ಮೆ ಚೀಲ ಬೇಕು. ಶಿಬಿರದ ಭಾನುವಾರದಿಂದ ಎಣಿಸಿದರೆ ಅವಳ ಆಸ್ಪತ್ರೆಯ ಶುಕ್ರವಾರಗಳು 5ನೇ, 26ನೇ, 47ನೇ, 68ನೇ ಮತ್ತು 89ನೇ ದಿನ ಬರುತ್ತವೆ. ಹಮಾಲಿ ಮತ್ತೆ ರಕ್ತ ಕೊಡಬಹುದಾದದ್ದು 90ನೇ ದಿನ. ಅಂದರೆ ಅವನ ಕೈ ಮತ್ತೆ ಅರ್ಹವಾಗುವ ಹೊತ್ತಿಗೆ ಅವಳಿಗೆ ಇನ್ನೂ ನಾಲ್ಕು ಚೀಲಗಳು ಏರಿ ಆಗಿರುತ್ತವೆ, ಆ ನಾಲ್ಕೂ ಬೇರೆಯವರವು. ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿದ ದಿನವೇ ನಮಗೆ ಕೊನೆಯ ದೃಶ್ಯ ಸಿಕ್ಕಿತು.

ಹಮಾಲಿ ಮನೆಯಲ್ಲಿ ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ, ಮೂರು ತಿಂಗಳ ಆಚೆಗಿನ ಒಂದು ಶನಿವಾರಕ್ಕೆ ಪೆನ್ಸಿಲ್ಲಿನಿಂದ ಸುತ್ತು ಹಾಕುತ್ತಾನೆ. ಅದರ ಬೆನ್ನಿಗೇ ವಾರ್ಡು, ಮೂರು ವಾರದ ಆಮೇಲಿನ ಶುಕ್ರವಾರ. ಹುಡುಗಿ ಎಡಗೈ ಚಾಚಿ ಬಲಗೈಯಲ್ಲಿ ಮಗ್ಗಿ ಬರೆಯುತ್ತಿದ್ದಾಳೆ. ಇಬ್ಬರು ಸಿಸ್ಟರ್‌ಗಳು ಚೀಟಿ ಓದುತ್ತಾರೆ. ತಾಯಿ ನೋಟ್‌ಬುಕ್ ತೆರೆದು, 2386ರ ಕೆಳಗಿನ ಸಾಲಿನಲ್ಲಿ 2951 ಎಂದು ಬರೆದು, ಪೆನ್ನಿನ ಮುಚ್ಚಳ ಹಾಕುತ್ತಾಳೆ.